ಐದು ಕೊಲೆಯೂ ‘ಅಪರೂಪ’ ಅಲ್ಲವೆ? ಗಲ್ಲುಶಿಕ್ಷೆಯ ಬಗ್ಗೆ ಓದುಗರೊಬ್ಬರ ಪ್ರಶ್ನೆ

ಪ್ರಶ್ನೆ: ಸರ್, ಸೆಷನ್ಸ್ ಕೋರ್ಟ್ ಗಲ್ಲು ಕೊಡುತ್ತೆ, ಮೇಲಿನ ಕೋರ್ಟು ‘ಇದು ಅಪರೂಪದಲ್ಲಿ ಅಪರೂಪದ ಪ್ರಕರಣ ಅಲ್ಲ’ ಅಂತ ಜೀವಾವಧಿಗೆ ಇಳಿಸುತ್ತೆ. ಒಂದೇ ಮನೆಯ ನಾಲ್ಕೈದು ಜನರನ್ನು ಕೊಂದಿದ್ದು ಅಪರೂಪ ಅಲ್ಲದಿದ್ದರೆ ಇನ್ಯಾವುದು ಅಪರೂಪ? ಹತ್ತು ಹದಿನೈದು ವರ್ಷ ಎಳೆಯುವ ಬದಲು ಬೇಗ ನೇಣಿಗೆ ಹಾಕಿದರೆ ಉಳಿದವರಿಗೆ ಭಯ ಹುಟ್ಟಲ್ವಾ? ನಿರಪರಾಧಿಗಳು ಸಾಯಬಹುದು ಅಂತಾರೆ. ನಮ್ಮ ದೇಶದಲ್ಲಿ ನಿಜವಾಗಿ ಹಾಗೆ ಆಗಿದೆಯಾ, ಅಥವಾ ಬರೀ ವಾದಕ್ಕೆ ಹೇಳೋದಾ?

ಉತ್ತರ: ನಿಮ್ಮ ಮೂರೂ ಪ್ರಶ್ನೆಗಳನ್ನು ಒಟ್ಟಿಗೆ ಹಿಡಿದು ನೋಡಬಹುದಾದ ಒಂದು ಪ್ರಕರಣವಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

2003ರ ಜೂನ್ 5ರ ರಾತ್ರಿ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯಲ್ಲಿ ತೋಟದ ಗುಡಿಸಲೊಂದಕ್ಕೆ ದರೋಡೆಕೋರರು ನುಗ್ಗಿದರು. ಐದು ಜನರನ್ನು ಕೊಂದರು. ಹದಿಹರೆಯದ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತು. ಬದುಕಿ ಉಳಿದವರು ಆ ಮನೆಯ ತಾಯಿ ಮತ್ತು ಒಬ್ಬ ಮಗ. ಪೊಲೀಸರು ಅಲೆಮಾರಿ ಸಮುದಾಯದ ಆರು ಜನ ಬಡ ಕೂಲಿಗಳನ್ನು ಬಂಧಿಸಿದರು. ತಾಯಿ, ಮಗ ಇಬ್ಬರೂ ಕೋರ್ಟಿನಲ್ಲಿ ಅವರನ್ನು ಗುರುತಿಸಿದರು. 2006ರಲ್ಲಿ ಸೆಷನ್ಸ್ ಕೋರ್ಟ್ ಆರೂ ಜನರಿಗೆ ಗಲ್ಲು ವಿಧಿಸಿತು. ಮರುವರ್ಷ ಬಾಂಬೆ ಹೈಕೋರ್ಟ್ ಮೂವರ ಗಲ್ಲನ್ನು ಖಾಯಂ ಮಾಡಿ, ಇನ್ನು ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. 2009ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಆ ರಿಯಾಯಿತಿಯನ್ನೂ ಕಿತ್ತುಹಾಕಿ ಆರೂ ಜನರಿಗೆ ಗಲ್ಲೇ ಸರಿ ಎಂದಿತು. ಕಾನೂನು ಪುಸ್ತಕಗಳಲ್ಲಿ ಇದು ಅಂಕುಶ್ ಮಾರುತಿ ಶಿಂದೆ ಪ್ರಕರಣ. ಅಂದು ಆ ತೀರ್ಪನ್ನು ಪತ್ರಿಕೆಯಲ್ಲಿ ಓದಿದವರಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಮೂರು ಹಂತದ ಕೋರ್ಟು, ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು, ಎದೆ ನಡುಗಿಸುವ ಕೃತ್ಯ. ನೀವು ಕೇಳಿದ ‘ಇನ್ಯಾವುದು ಅಪರೂಪ’ ಎಂಬ ಪ್ರಶ್ನೆಗೆ ಇದಕ್ಕಿಂತ ತಕ್ಕ ಉದಾಹರಣೆ ಸಿಗುತ್ತಿರಲಿಲ್ಲ.

ಆ ಆರು ಜನರಿಗೆ ಮುಂದೆ ಏನಾಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಈ ‘ಅಪರೂಪ’ ಎಂಬ ಅಳತೆ ಏನೆಂದು ಸ್ಪಷ್ಟವಾಗಬೇಕು. ನಿಮ್ಮ ಪ್ರಶ್ನೆಯಲ್ಲಿ, ಹಾಗೆಯೇ ಬಹಳಷ್ಟು ಸೆಷನ್ಸ್ ಕೋರ್ಟುಗಳ ತೀರ್ಪುಗಳಲ್ಲಿ, ಅದರ ಅರ್ಧ ಭಾಗ ಮಾತ್ರ ಕಾಣಿಸುತ್ತದೆ.

ಒಂದು ಕಾಲಕ್ಕೆ ನಮ್ಮಲ್ಲಿ ಕೊಲೆಗೆ ಗಲ್ಲೇ ಸಾಮಾನ್ಯ ಶಿಕ್ಷೆ. ಗಲ್ಲು ಕೊಡದಿದ್ದರೆ ನ್ಯಾಯಾಧೀಶರು ಯಾಕೆ ಕೊಡಲಿಲ್ಲ ಎಂದು ಕಾರಣ ಬರೆಯಬೇಕಿತ್ತು. 1955ರ ತಿದ್ದುಪಡಿ ಆ ನಿಯಮವನ್ನು ತೆಗೆಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಅದನ್ನು ಪೂರ್ತಿ ತಿರುಗಿಸಿತು. ಜೀವಾವಧಿಯೇ ಸಾಮಾನ್ಯ ಶಿಕ್ಷೆ, ಗಲ್ಲು ಕೊಡುವುದಾದರೆ ‘ವಿಶೇಷ ಕಾರಣ’ ಬರೆಯಬೇಕು ಎಂದಿತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೇ ಮಾತಿದೆ. ಆ ವಿಶೇಷ ಕಾರಣ ಎಂಥದ್ದಿರಬೇಕು ಎಂಬುದಕ್ಕೆ 1980ರಲ್ಲಿ ಬಚನ್ ಸಿಂಗ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಉತ್ತರ ಕೊಟ್ಟಿತು. ನಾಲ್ವರು ಗಲ್ಲುಶಿಕ್ಷೆ ಸಂವಿಧಾನಕ್ಕೆ ವಿರುದ್ಧವಲ್ಲ ಎಂದರು, ನ್ಯಾಯಮೂರ್ತಿ ಪಿ.ಎನ್. ಭಗವತಿ ಒಬ್ಬರೇ ಒಪ್ಪಲಿಲ್ಲ. ಆದರೆ ಆ ನಾಲ್ವರೂ ಗಲ್ಲನ್ನು ಸುಲಭ ಮಾಡಿಕೊಡಲಿಲ್ಲ. ಅಪರೂಪದಲ್ಲಿ ಅಪರೂಪದ ಪ್ರಕರಣದಲ್ಲಿ, ಅದೂ ಬೇರೆ ಶಿಕ್ಷೆಯ ದಾರಿ ನಿಸ್ಸಂದೇಹವಾಗಿ ಮುಚ್ಚಿಹೋಗಿದ್ದಾಗ ಮಾತ್ರ ಗಲ್ಲು ಎಂದರು. ಈ ಎರಡನೆಯ ಷರತ್ತನ್ನೇ ಎಲ್ಲರೂ ಮರೆಯುವುದು.

ಹಾಗಾಗಿ ನ್ಯಾಯಾಧೀಶರು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಕೃತ್ಯ ಎಷ್ಟು ಘೋರ ಎಂಬುದು ಒಂದು. ಇದನ್ನು ಮಾಡಿದ ಮನುಷ್ಯ ಯಾರು, ಅವನು ಎಂದೂ ತಿದ್ದಿಕೊಳ್ಳಲಾರನೆ ಎಂಬುದು ಇನ್ನೊಂದು. ವಯಸ್ಸು, ಮನಸ್ಸಿನ ಸ್ಥಿತಿ, ಬೆಳೆದ ಪರಿಸರ, ಹಿಂದಿನ ನಡತೆ, ಜೈಲಿನಲ್ಲಿನ ನಡತೆ, ಎಲ್ಲವೂ ತಕ್ಕಡಿಗೆ ಬರಬೇಕು. ತಿದ್ದಿಕೊಳ್ಳಲಾರ ಎಂಬುದನ್ನು ಸರ್ಕಾರವೇ ಸಾಕ್ಷ್ಯ ಕೊಟ್ಟು ಸಾಬೀತು ಮಾಡಬೇಕು ಎಂದೂ ಬಚನ್ ಸಿಂಗ್ ತೀರ್ಪು ಹೇಳಿದೆ. ಆದ್ದರಿಂದ ಐದು ಕೊಲೆ ಎಂಬ ಲೆಕ್ಕ ಮೊದಲ ಪ್ರಶ್ನೆಗಷ್ಟೇ ಉತ್ತರ. ಮೇಲಿನ ಕೋರ್ಟು ‘ಅಪರೂಪ ಅಲ್ಲ’ ಎಂದಾಗ ‘ಇದೇನು ಮಹಾ ಅಪರಾಧವಲ್ಲ’ ಎಂದು ಹೇಳುತ್ತಿಲ್ಲ. ಬಹುಪಾಲು ಸಲ ಅದು ಹೇಳುತ್ತಿರುವುದು ಎರಡನೆಯ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ ಎಂದು.

ಕೇಳದೆ ಇರುವುದು ಹೇಗೆ ಎಂದರೆ, ಸೆಷನ್ಸ್ ಕೋರ್ಟಿನಲ್ಲಿ ಆಗುವುದು ಹೀಗೆ. ಬೆಳಗ್ಗೆ ಅಪರಾಧಿ ಎಂದು ತೀರ್ಪು ಓದುತ್ತಾರೆ. ಮಧ್ಯಾಹ್ನ ಊಟ ಮುಗಿಸಿ ಬಂದು ‘ಶಿಕ್ಷೆಯ ಬಗ್ಗೆ ಹೇಳುವುದೇನಾದರೂ ಇದೆಯೇ’ ಎನ್ನುತ್ತಾರೆ. ಕಟಕಟೆಯಲ್ಲಿ ನಿಂತವನು ಕೈಮುಗಿದು, ‘ಬಡವ ಸ್ವಾಮಿ, ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾಳೆ, ಮಕ್ಕಳು ಚಿಕ್ಕವು’ ಎನ್ನುತ್ತಾನೆ. ಕಾನೂನು ನೆರವಿನ ವಕೀಲರು ‘ಮೊದಲ ಅಪರಾಧ, ವಯಸ್ಸು ಚಿಕ್ಕದು, ದಯೆ ತೋರಬೇಕು’ ಎಂದು ಎರಡು ಸಾಲು ಸೇರಿಸುತ್ತಾರೆ. ಸರ್ಕಾರಿ ವಕೀಲರು ಎದ್ದು ಇಡೀ ಸಮಾಜ ಈ ಕೋರ್ಟಿನ ಕಡೆ ನೋಡುತ್ತಿದೆ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಅವನ ಶಾಲೆ, ಹುಟ್ಟಿದ ಮನೆ, ತಲೆಗೆ ಬಿದ್ದ ಪೆಟ್ಟು, ಜೈಲಿನಲ್ಲಿ ಕಳೆದ ವರ್ಷಗಳು, ಇವುಗಳ ಒಂದು ಕಾಗದವೂ ಕಡತದಲ್ಲಿ ಇರುವುದಿಲ್ಲ. ಇಂಥ ಕಡತ ಸುಪ್ರೀಂ ಕೋರ್ಟಿಗೆ ಹೋದಾಗ ಗಲ್ಲು ನಿಲ್ಲುವುದು ಕಷ್ಟ. 2015ರಲ್ಲಿ ಕೇಂದ್ರ ಕಾನೂನು ಆಯೋಗ ತನ್ನ 262ನೇ ವರದಿಯಲ್ಲಿ ಹಿಂದಿನ ಹದಿನೈದು ವರ್ಷಗಳ ಲೆಕ್ಕ ನೋಡಿದಾಗ, ವಿಚಾರಣಾ ಕೋರ್ಟುಗಳು ಕೊಟ್ಟ ಗಲ್ಲುಗಳಲ್ಲಿ ಕೊನೆಯವರೆಗೆ ಉಳಿದದ್ದು ನೂರಕ್ಕೆ ಐದರಷ್ಟೂ ಇರಲಿಲ್ಲ. ಉಳಿದವರಲ್ಲಿ ಶಿಕ್ಷೆ ಇಳಿದವರಷ್ಟೇ ಅಲ್ಲ, ಪೂರ್ತಿ ಬಿಡುಗಡೆಯಾದವರೂ ಇದ್ದರು.

ಹಾಗೆಂದು ಸುಪ್ರೀಂ ಕೋರ್ಟು ಈ ಅಳತೆಯನ್ನು ಒಂದೇ ಹದದಲ್ಲಿ ಹಿಡಿದಿದೆ ಎಂದುಕೊಳ್ಳಬೇಡಿ. 1983ರ ಮಚ್ಛಿ ಸಿಂಗ್ ತೀರ್ಪು ಕೊಲೆಯ ರೀತಿ, ಉದ್ದೇಶ, ಸತ್ತವರ ಸಂಖ್ಯೆ ಮುಂತಾದ ಪಟ್ಟಿ ಕೊಟ್ಟು, ಸಮಾಜದ ಸಾಮೂಹಿಕ ಆತ್ಮಸಾಕ್ಷಿಗೆ ಆಘಾತವಾಗಿದೆಯೇ ನೋಡಿ ಎಂದಿತು. ಅದರಿಂದ ಕೃತ್ಯದ ತಟ್ಟೆ ಭಾರವಾಯಿತು. 1995ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ರಾವ್‌ಜಿ ಎಂಬವನ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳು ಇನ್ನೂ ಮುಂದೆ ಹೋದರು. ಶಿಕ್ಷೆ ನಿರ್ಧರಿಸುವಾಗ ಅಪರಾಧದ ಸ್ವರೂಪ ಮುಖ್ಯ, ಅಪರಾಧಿಯದ್ದಲ್ಲ ಎಂದರು. ಐವರ ಪೀಠ ಹೇಳಿದ್ದಕ್ಕೆ ಇದು ನೇರ ವಿರುದ್ಧ. ಅದನ್ನು ಯಾರಾದರೂ ಗಮನಿಸುವ ಮೊದಲೇ, ಐದು ತಿಂಗಳೊಳಗೆ, 1996ರ ಮೇ 4ರಂದು ರಾವ್‌ಜಿಯನ್ನು ನೇಣಿಗೆ ಹಾಕಲಾಯಿತು. ನೀವು ಕೇಳಿದಂತೆ ‘ಬೇಗ’ ಆದ ಪ್ರಕರಣ ಇದು. ಆ ತೀರ್ಪು ಕಾನೂನಿಗೆ ವಿರುದ್ಧವಾಗಿ ಬಂದದ್ದು ಎಂದು ಸುಪ್ರೀಂ ಕೋರ್ಟೇ ಒಪ್ಪಿಕೊಂಡದ್ದು 2009ರ ಮೇ 13ರಂದು, ಬರಿಯಾರ್ ಪ್ರಕರಣದಲ್ಲಿ. ನಡುವಿನ ವರ್ಷಗಳಲ್ಲಿ ರಾವ್‌ಜಿ ತೀರ್ಪನ್ನು ನಂಬಿ ಇನ್ನಷ್ಟು ಗಲ್ಲುಗಳು ಖಾಯಂ ಆಗಿದ್ದವು. ಅವರಲ್ಲಿ ಒಬ್ಬನಾದ ಸುರ್ಜಾ ರಾಮ್‌ನನ್ನು 1997ರಲ್ಲೇ ನೇಣಿಗೆ ಹಾಕಿಯಾಗಿತ್ತು. 2012ರಲ್ಲಿ ಹದಿನಾಲ್ಕು ನಿವೃತ್ತ ನ್ಯಾಯಮೂರ್ತಿಗಳು ರಾಷ್ಟ್ರಪತಿಗೆ ಪತ್ರ ಬರೆದು, ಇಂಥ ತಪ್ಪು ತೀರ್ಪಿನಿಂದ ಗಲ್ಲಿನ ಕೋಣೆಯಲ್ಲಿರುವ ಹದಿಮೂರು ಜನರನ್ನಾದರೂ ಉಳಿಸಿ ಎಂದು ಕೇಳಿಕೊಂಡರು.

ರಾವ್‌ಜಿ ಕೊಲೆ ಮಾಡಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಹೆಂಡತಿ ಮಕ್ಕಳನ್ನು ಕೊಂದವನು ಅವನು. ಆದರೆ ಕೊಲೆಗಾರನಿಗೂ ಕಾನೂನು ಹೇಳಿದ ಅಳತೆಯಲ್ಲೇ ಶಿಕ್ಷೆಯಾಗಬೇಕು. ಆ ಅಳತೆಯಲ್ಲಿ ಅವನ ಶಿಕ್ಷೆ ನಿಲ್ಲುತ್ತಿತ್ತೋ ಇಲ್ಲವೋ ಎಂಬುದನ್ನು ನೋಡುವ ಅವಕಾಶವೇ ಉಳಿಯಲಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಉತ್ತರ ಪ್ರದೇಶದ ಪಿಲಿಭಿತ್‌ನ ಪ್ರಕರಣ. ಒಂದೇ ಕುಟುಂಬದ ನಾಲ್ವರ ಕೊಲೆಗೆ 1975ರಲ್ಲಿ ಜೀತಾ ಸಿಂಗ್, ಕಶ್ಮೀರಾ ಸಿಂಗ್, ಹರ್ಬನ್ಸ್ ಸಿಂಗ್ ಎಂಬ ಮೂವರಿಗೆ ಗಲ್ಲಾಯಿತು. ಮೂವರ ಪಾತ್ರವೂ ಒಂದೇ. ಮೂವರೂ ಬೇರೆ ಬೇರೆಯಾಗಿ ಸುಪ್ರೀಂ ಕೋರ್ಟಿಗೆ ಹೋದರು, ಬೇರೆ ಬೇರೆ ಪೀಠಗಳ ಮುಂದೆ ಬಂದರು. ಜೀತಾ ಸಿಂಗ್‌ನ ಅರ್ಜಿ 1976ರಲ್ಲಿ ವಜಾ ಆಯಿತು. ಕಶ್ಮೀರಾ ಸಿಂಗ್‌ನ ಶಿಕ್ಷೆಯನ್ನು 1977ರಲ್ಲಿ ಜೀವಾವಧಿಗೆ ಇಳಿಸಲಾಯಿತು. ಹರ್ಬನ್ಸ್ ಸಿಂಗ್‌ನ ಅರ್ಜಿ 1978ರಲ್ಲಿ ವಜಾ ಆಯಿತು. ಅವನ ಸಂಗಡಿಗನಿಗೆ ಶಿಕ್ಷೆ ಇಳಿದ ವಿಷಯ ಆ ಪೀಠದ ಗಮನಕ್ಕೇ ಬರಲಿಲ್ಲ. ಜೀತಾ ಸಿಂಗ್ ಮತ್ತು ಹರ್ಬನ್ಸ್ ಸಿಂಗ್ ಇಬ್ಬರನ್ನೂ 1981ರ ಅಕ್ಟೋಬರ್ 6ರಂದು ನೇಣಿಗೆ ಹಾಕುವುದೆಂದು ಗೊತ್ತಾಯಿತು. ಹರ್ಬನ್ಸ್ ಸಿಂಗ್ ಕೊನೇ ಗಳಿಗೆಯಲ್ಲಿ ಮತ್ತೊಂದು ಅರ್ಜಿ ಹಾಕಿ ತಡೆ ತಂದ. ಜೀತಾ ಸಿಂಗ್ ಹಾಕಲಿಲ್ಲ, ಅವನನ್ನು ಅದೇ ದಿನ ನೇಣಿಗೆ ಹಾಕಿದರು. ನಾಲ್ಕು ತಿಂಗಳ ಮೇಲೆ ಸುಪ್ರೀಂ ಕೋರ್ಟು, ಕಶ್ಮೀರಾ ಸಿಂಗ್ ಬದುಕಿರುವಾಗ ಹರ್ಬನ್ಸ್ ಸಿಂಗ್‌ನನ್ನು ಕೊಲ್ಲುವುದು ಅನ್ಯಾಯ ಎಂದು, ಅವನ ಶಿಕ್ಷೆ ಇಳಿಸುವಂತೆ ರಾಷ್ಟ್ರಪತಿಗೆ ಶಿಫಾರಸು ಮಾಡಿತು. ಒಂದೇ ರಾತ್ರಿ, ಒಂದೇ ಕೃತ್ಯ, ಒಂದೇ ಪಾತ್ರ. ಒಬ್ಬನಿಗೆ ಮಾತ್ರ ಸಾವು. ಜೀತಾ ಸಿಂಗ್ ಮಾಡಿದ್ದು ಉಳಿದಿಬ್ಬರಿಗಿಂತ ಅಪರೂಪವಾಗಿತ್ತು ಎಂದು ಯಾರೂ ಹೇಳಲಾರರು.

ನಮ್ಮ ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣ ನಿಮಗೆ ನೆನಪಿರಬಹುದು. ಹೆಂಡತಿಗೆ ಮಂಪರು ಬರುವ ಔಷಧ ಕೊಟ್ಟು ಮನೆಯಂಗಳದಲ್ಲಿ ಹೂತುಹಾಕಿದ್ದ. ಕರ್ನಾಟಕ ಹೈಕೋರ್ಟ್ ಗಲ್ಲು ಖಾಯಂ ಮಾಡಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರಲ್ಲಿ ಒಬ್ಬರು ಗಲ್ಲು ಎಂದರು, ಇನ್ನೊಬ್ಬರು ಬೇಡ ಎಂದರು. 2008ರಲ್ಲಿ ಮೂವರ ಪೀಠ ಶಿಕ್ಷೆ ಕಡಿತವಿಲ್ಲದೆ ಸಾಯುವತನಕ ಜೈಲು ಎಂಬ ಹೊಸ ಶಿಕ್ಷೆಯನ್ನು ವಿಧಿಸಿತು. ನ್ಯಾಯಮೂರ್ತಿ ಅಫ್ತಾಬ್ ಆಲಂ ಆ ತೀರ್ಪಿನಲ್ಲಿ, ಗಲ್ಲು ಖಾಯಂ ಆಗುವುದೋ ಇಳಿಯುವುದೋ ಎಂಬುದು ಪೀಠದಲ್ಲಿರುವ ನ್ಯಾಯಮೂರ್ತಿಗಳ ವೈಯಕ್ತಿಕ ಒಲವಿನ ಮೇಲೆ ಬಹಳಷ್ಟು ನಿಂತಿದೆ ಎಂದು ಬಿಡಿಸಿ ಬರೆದರು. ‘ಬಿಟ್ಟರೆ ಹೊರಗೆ ಬಂದು ಮತ್ತೆ ಕೊಲ್ಲುತ್ತಾನೆ’ ಎಂಬ ಭಯಕ್ಕೂ ಈ ತೀರ್ಪಿನಲ್ಲಿ ಉತ್ತರ ಸಿಕ್ಕಿತು. ಹದಿನಾಲ್ಕು ವರ್ಷಕ್ಕೆ ಬಿಡುಗಡೆ ಎಂಬ ಹಳೆಯ ತಿಳಿವಳಿಕೆ ಇಂಥವರಿಗೆ ಅನ್ವಯಿಸುವುದಿಲ್ಲ. 2015ರಲ್ಲಿ ಐವರ ಪೀಠವೂ ಈ ಬಗೆಯ ಶಿಕ್ಷೆಯನ್ನು ಬಹುಮತದಿಂದ ಎತ್ತಿಹಿಡಿದಿದೆ. ಬೇರೆ ದಾರಿ ಪೂರ್ತಿ ಮುಚ್ಚಿದಾಗ ಮಾತ್ರ ಗಲ್ಲು ಎಂಬ ಬಚನ್ ಸಿಂಗ್ ಷರತ್ತನ್ನು ಇದರ ಪಕ್ಕಕ್ಕಿಟ್ಟು ನೋಡಿ. ಸಾಯುವವರೆಗೂ ಹೊರಬಾರದಂತೆ ಇಡುವ ದಾರಿ ತೆರೆದಿರುವಾಗ ಅದು ಮುಚ್ಚಿದೆ ಎಂದು ಹೇಳುವುದು ಹೇಗೆ? ನನಗಂತೂ ಉತ್ತರ ಸಿಕ್ಕಿಲ್ಲ.

ಇನ್ನು ಭಯದ ಮಾತು. ಶಿಕ್ಷೆಗೆ ಜನ ಹೆದರುತ್ತಾರೆ, ಅದು ನಿಜ. ಆದರೆ ಇಲ್ಲಿರುವ ಪ್ರಶ್ನೆ ಗಲ್ಲಿಗೂ ಏನೂ ಶಿಕ್ಷೆ ಇಲ್ಲದಿರುವುದಕ್ಕೂ ನಡುವಿನದಲ್ಲ, ಗಲ್ಲಿಗೂ ಆಜೀವ ಸೆರೆಗೂ ನಡುವಿನದು. ಸಾಯುವತನಕ ಜೈಲು ಎಂದರೆ ಹಿಂಜರಿಯದೆ, ಗಲ್ಲು ಎಂದರೆ ಮಾತ್ರ ಹಿಂಜರಿಯುವ ಕೊಲೆಗಾರ ಎಷ್ಟು ಮಂದಿ? ಅಮೆರಿಕದಲ್ಲಿ ಇದನ್ನು ಅಳೆಯಲು ಬಹಳ ಪ್ರಯತ್ನವಾಗಿದೆ. 1975ರಲ್ಲಿ ಐಸಾಕ್ ಎರ್ಲಿಕ್ ಎಂಬ ಅರ್ಥಶಾಸ್ತ್ರಜ್ಞರು ಒಂದೊಂದು ಗಲ್ಲು ಏಳೆಂಟು ಜೀವ ಉಳಿಸುತ್ತದೆ ಎಂದು ಲೆಕ್ಕ ಕೊಟ್ಟರು. ಲೆಕ್ಕಕ್ಕೆ ತೆಗೆದುಕೊಂಡ ವರ್ಷಗಳನ್ನು ಸ್ವಲ್ಪ ಬದಲಿಸಿದರೆ ಆ ಫಲಿತಾಂಶ ಮಾಯವಾಗುತ್ತದೆ ಎಂದು ಬೇರೆಯವರು ತೋರಿಸಿದರು. 2012ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಮೂರು ದಶಕಗಳ ಅಧ್ಯಯನಗಳನ್ನೆಲ್ಲ ತೂಗಿ ನೋಡಿ, ಗಲ್ಲು ಕೊಲೆಯನ್ನು ಕಡಿಮೆ ಮಾಡುತ್ತದೆಯೋ ಹೆಚ್ಚು ಮಾಡುತ್ತದೆಯೋ ಅಥವಾ ಏನೂ ಮಾಡುವುದಿಲ್ಲವೋ ಎಂಬುದನ್ನು ಇವು ಹೇಳಲಾರವು, ನೀತಿ ರೂಪಿಸಲು ಇವನ್ನು ಬಳಸಬೇಡಿ ಎಂದಿತು. ಇದನ್ನು ಸರಿಯಾಗಿ ಓದಿಕೊಳ್ಳಬೇಕು. ಗಲ್ಲಿನಿಂದ ಭಯ ಹುಟ್ಟುವುದಿಲ್ಲ ಎಂದು ಅದು ಹೇಳಿಲ್ಲ, ಹುಟ್ಟುತ್ತದೆ ಎಂಬುದಕ್ಕೆ ಪುರಾವೆ ಇಲ್ಲ ಎಂದಿದೆ. ಆದರೆ ಮನುಷ್ಯನ ಪ್ರಾಣ ತೆಗೆಯಲು ಹೊರಟವರು ಪುರಾವೆ ತರಬೇಕು, ಬೇಡ ಎನ್ನುವವರಲ್ಲ.

ನಮ್ಮಲ್ಲೇ ತಿರುವಾಂಕೂರು ಸಂಸ್ಥಾನ 1944ರಲ್ಲಿ ಗಲ್ಲನ್ನು ರದ್ದು ಮಾಡಿತ್ತು. ಭಾರತದ ಕಾನೂನು ಅಲ್ಲಿಗೆ ಬಂದಾಗ ಗಲ್ಲೂ ಮರಳಿ ಬಂತು. ಗಲ್ಲಿಲ್ಲದ ವರ್ಷಗಳಲ್ಲೂ ಗಲ್ಲು ಬಂದ ಮೇಲೂ ಅಲ್ಲಿನ ಕೊಲೆಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಭಯಕ್ಕೆ ಬೇಕಾದದ್ದು ಸಿಕ್ಕಿಬೀಳುತ್ತೇನೆ ಎಂಬ ಖಾತ್ರಿ. ನಮ್ಮಲ್ಲಿ ವಿಚಾರಣೆ ಮುಗಿದ ಕೊಲೆ ಪ್ರಕರಣಗಳಲ್ಲಿ ಶಿಕ್ಷೆಯಾಗುವುದು ನೂರರಲ್ಲಿ ನಲವತ್ತರ ಆಸುಪಾಸು. 2004ರಿಂದ 2020ರವರೆಗೆ ದೇಶದಲ್ಲಿ ನೇಣಿಗೇರಿದವರು ಎಂಟು ಜನ. ಕೊಲ್ಲಲು ಹೊರಟವನೊಬ್ಬ ಲೆಕ್ಕ ಹಾಕುವವನೇ ಆಗಿದ್ದರೂ ಅವನ ಲೆಕ್ಕದಲ್ಲಿ ಈ ಎಂಟು ಬರುವುದಿಲ್ಲ, ‘ನಾನು ತಪ್ಪಿಸಿಕೊಳ್ಳಬಹುದು’ ಎಂಬುದು ಬರುತ್ತದೆ. ಸಾಕ್ಷಿಗಳ ರಕ್ಷಣೆ, ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೊತ್ತಿಗೆ ಸರಿಯಾಗಿ ಬರುವುದು, ತನಿಖೆಗೆಂದೇ ಇರುವ ಪೊಲೀಸರು, ಆ ಲೆಕ್ಕವನ್ನು ಕೆಡಿಸುವುದು ಇವು.

ಮಕ್ಕಳ ಮೇಲಿನ ಅತ್ಯಾಚಾರದಲ್ಲಿ ನನಗೆ ಇನ್ನೊಂದು ಆತಂಕವಿದೆ. 2018ರ ತಿದ್ದುಪಡಿಯಿಂದ ಹನ್ನೆರಡು ವರ್ಷದೊಳಗಿನ ಹೆಣ್ಣುಮಗುವಿನ ಅತ್ಯಾಚಾರಕ್ಕೆ ಮಗು ಬದುಕಿದ್ದರೂ ಗಲ್ಲು ವಿಧಿಸಬಹುದು. ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆರೋಪಿಗಳು ಗುರುತಿನವರೇ. ಚಿಕ್ಕಪ್ಪ, ಮಾವ, ಪಕ್ಕದ ಮನೆಯವರು. ದೂರು ಕೊಟ್ಟರೆ ಅವನಿಗೆ ಗಲ್ಲಾಗುತ್ತದೆ ಎಂದು ಗೊತ್ತಾದಾಗ ಮನೆಯವರೇ ಮಗುವಿನ ಬಾಯಿ ಮುಚ್ಚಿಸುವ ಸಾಧ್ಯತೆ ಹೆಚ್ಚುತ್ತದೆ. ಮಗುವೇ ಏಕೈಕ ಸಾಕ್ಷಿಯಾಗಿರುವಾಗ ಆ ಸಾಕ್ಷಿಯನ್ನು ಉಳಿಸಬೇಕೆಂಬ ಕಾರಣ ಅಪರಾಧಿಗೆ ಒಂದೂ ಉಳಿಯುವುದಿಲ್ಲ.

ಈಗ ನಾಸಿಕ್‌ಗೆ ಮರಳೋಣ. ಆರು ಜನರ ಮರುಪರಿಶೀಲನಾ ಅರ್ಜಿ 2010ರಲ್ಲಿ ವಜಾ ಆಗಿತ್ತು. ಆ ದಿನಗಳಲ್ಲಿ ಇಂಥ ಅರ್ಜಿಗಳನ್ನು ನ್ಯಾಯಮೂರ್ತಿಗಳು ಕೊಠಡಿಯಲ್ಲೇ ಓದಿ ತೀರ್ಮಾನಿಸುತ್ತಿದ್ದರು, ವಕೀಲರ ವಾದಕ್ಕೆ ಅವಕಾಶವಿರಲಿಲ್ಲ. 2012ರಲ್ಲಿ, ಆ ಆರು ಜನರಲ್ಲಿ ಒಬ್ಬ ಘಟನೆಯ ಹೊತ್ತಿಗೆ ಹದಿನೆಂಟು ತುಂಬದ ಹುಡುಗ ಎಂಬುದು ಗೊತ್ತಾಯಿತು. ಕಾನೂನಿನ ಪ್ರಕಾರ ಅವನಿಗೆ ಗಲ್ಲಿರಲಿ, ಜೈಲೇ ಆಗುವಂತಿರಲಿಲ್ಲ. ಮೂರು ಕೋರ್ಟುಗಳಲ್ಲಿ ಯಾರೂ ಅವನ ವಯಸ್ಸನ್ನು ಸರಿಯಾಗಿ ನೋಡಿರಲಿಲ್ಲ. 2014ರಲ್ಲಿ ಬೇರೆ ಯಾರದೋ ಪ್ರಕರಣದಲ್ಲಿ, ಗಲ್ಲಿನ ಮರುಪರಿಶೀಲನೆಯನ್ನು ತೆರೆದ ಕೋರ್ಟಿನಲ್ಲಿ ಮೂವರು ನ್ಯಾಯಮೂರ್ತಿಗಳು ವಾದ ಕೇಳಿಯೇ ತೀರ್ಮಾನಿಸಬೇಕು ಎಂದು ತೀರ್ಪಾಯಿತು. ಅದರ ಬಲದಿಂದ ಇವರ ಕಡತ ಮತ್ತೆ ತೆರೆಯಿತು.

ತೆರೆದಾಗ ಕಂಡದ್ದು ಇದು. ಘಟನೆ ನಡೆದ ಎರಡೇ ದಿನಕ್ಕೆ, 2003ರ ಜೂನ್ 7ರಂದು, ಪೊಲೀಸರು ಆ ತಾಯಿಗೆ ಹಳೆಯ ಅಪರಾಧಿಗಳ ಫೋಟೊ ಆಲ್ಬಂ ತೋರಿಸಿದ್ದರು. ಆಕೆ ನಾಲ್ವರ ಫೋಟೊ ತೋರಿಸಿ ಇವರೇ ಎಂದಿದ್ದರು. ಆ ನಾಲ್ವರಲ್ಲಿ ಒಬ್ಬನೂ ಈ ಆರು ಜನರಲ್ಲಿ ಇರಲಿಲ್ಲ. ಪೊಲೀಸರು ಆ ನಾಲ್ವರನ್ನು ಹಿಡಿಯಲೂ ಇಲ್ಲ, ವಿಚಾರಿಸಲೂ ಇಲ್ಲ. ಬದಲಿಗೆ ಬೇರೆ ಆರು ಜನರನ್ನು ತಂದು ಗುರುತಿಸುವ ಪೆರೇಡ್ ಮಾಡಿಸಿದರು. ನೆನಪು ಹಸಿಯಾಗಿದ್ದಾಗ ಹೇಳಿದ ಮಾತು ಬದಿಗೆ ಸರಿದು, ಆಮೇಲಿನ ಗುರುತಿಸುವಿಕೆಯ ಮೇಲೆ ಆರು ಗಲ್ಲುಗಳು ನಿಂತವು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆರೂ ಜನರನ್ನು ಬಿಡುಗಡೆ ಮಾಡಿತು, ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ಮಹಾರಾಷ್ಟ್ರ ಸರ್ಕಾರಕ್ಕೆ ಹೇಳಿತು. ಹದಿನಾರು ವರ್ಷ ಕಳೆದಿತ್ತು. 2009ರ ತೀರ್ಪು ನೆಚ್ಚಿಕೊಂಡಿದ್ದು ಅದೇ ರಾವ್‌ಜಿ ತೀರ್ಪನ್ನು. ಅದು ತಪ್ಪು ಎಂದು ಕೋರ್ಟು ಹೇಳಿದ್ದು ಇವರ ಗಲ್ಲು ಖಾಯಂ ಆದ ಎರಡು ವಾರಕ್ಕೆ. ಹದಿನಾಲ್ಕು ನ್ಯಾಯಮೂರ್ತಿಗಳ ಪತ್ರದಲ್ಲಿದ್ದ ಹದಿಮೂರು ಜನರಲ್ಲಿ ಇವರೂ ಇದ್ದರು.

ರಾವ್‌ಜಿಗೆ ಆದಷ್ಟೇ ಬೇಗ ಇವರಿಗೂ ಆಗಿದ್ದರೆ 2009ರ ಕೊನೆಯ ಹೊತ್ತಿಗೆ ಆರೂ ಜನ ಸತ್ತಿರುತ್ತಿದ್ದರು. ಆಮೇಲೆ ಆ ಆಲ್ಬಂ ವಿಷಯವನ್ನು ಯಾರೂ ಕೆದಕುತ್ತಿರಲಿಲ್ಲ, ಏಕೆಂದರೆ ನೇಣಾದವನ ಪರವಾಗಿ ಕಡತ ತೆರೆಸುವ ವಕೀಲರೂ ಇಲ್ಲ, ತೆರೆಯುವ ಕೋರ್ಟೂ ಇಲ್ಲ. ‘ನಿರಪರಾಧಿಯನ್ನು ಗಲ್ಲಿಗೇರಿಸಿದ್ದಕ್ಕೆ ನಮ್ಮಲ್ಲಿ ಉದಾಹರಣೆ ಇದೆಯೇ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಕೇಳಿಬರುವುದು ಈ ಕಾರಣಕ್ಕೆ. ಬ್ರಿಟನ್ನಿನಲ್ಲಿ 1950ರಲ್ಲಿ ಟಿಮೊತಿ ಎವಾನ್ಸ್‌ನನ್ನು ಮಗಳ ಕೊಲೆಗೆ ನೇಣಿಗೆ ಹಾಕಿದ ಮೂರು ವರ್ಷಕ್ಕೆ ಅದೇ ಮನೆಯ ಇನ್ನೊಬ್ಬ ನಿವಾಸಿ ಸರಣಿ ಕೊಲೆಗಾರನೆಂದು ಸಿಕ್ಕಿಬಿದ್ದ. ಆ ಮನೆಯಲ್ಲಿ ಬೇರೆ ಶವಗಳು ಸಿಗದಿದ್ದರೆ ಎವಾನ್ಸ್ ಇಂದಿಗೂ ದಾಖಲೆಯಲ್ಲಿ ಕೊಲೆಗಾರನಾಗಿಯೇ ಇರುತ್ತಿದ್ದ. 1966ರಲ್ಲಿ, ಸತ್ತ ಹದಿನಾರು ವರ್ಷಕ್ಕೆ, ಅವನಿಗೆ ಕ್ಷಮಾದಾನ ಸಿಕ್ಕಿತು.

ಸತ್ತವರ ಮನೆಯವರ ನೋವನ್ನು ನಾನು ಬದಿಗಿಡುತ್ತಿಲ್ಲ. ‘ನನ್ನ ಮಗಳನ್ನು ಕೊಂದವನು ಊಟ ಮಾಡಿಕೊಂಡು ಬದುಕಿದ್ದಾನೆ’ ಎಂಬ ಮಾತಿಗೆ ಯಾವ ಅಂಕಿಅಂಶವೂ ಉತ್ತರವಲ್ಲ. ಗಲ್ಲಿನ ಪರವಾದ ವಾದಗಳಲ್ಲಿ ನಾನು ಅತ್ಯಂತ ಗೌರವಿಸುವುದು ಇದನ್ನೇ. ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರಿದ ಪ್ರಕರಣಗಳಿಗೆ ಮಾತ್ರ ಗಲ್ಲು ಉಳಿಸಿ ಉಳಿದದ್ದಕ್ಕೆ ರದ್ದು ಮಾಡಿ ಎಂದ 2015ರ ಕಾನೂನು ಆಯೋಗದಲ್ಲೂ ಒಮ್ಮತ ಇರಲಿಲ್ಲ. ಆದರೆ ನಾಸಿಕ್‌ನ ಆ ತಾಯಿಯ ಕಡೆಯಿಂದ ನೋಡಿ. ಆಕೆ ಎರಡೇ ದಿನಕ್ಕೆ ನಾಲ್ಕು ಮುಖಗಳನ್ನು ತೋರಿಸಿಕೊಟ್ಟಿದ್ದರು. 2019ರ ಹೊತ್ತಿಗೂ ಆ ನಾಲ್ವರ ತನಿಖೆ ನಡೆದಿರಲಿಲ್ಲ. ಆರು ಗಲ್ಲು ಸಿಕ್ಕಿದೆ ಎಂಬ ನೆಮ್ಮದಿಯಲ್ಲಿ ಎಲ್ಲರೂ ಆ ಪ್ರಕರಣವನ್ನು ಮುಗಿಸಿಬಿಟ್ಟಿದ್ದರು.

ಇನ್ನು ಮುಂದೆ ಗಲ್ಲಿನ ಸುದ್ದಿ ಓದುವಾಗ ಅಪರಾಧಿ ಎಂದು ತೀರ್ಪಾದ ದಿನ ಮತ್ತು ಶಿಕ್ಷೆ ಪ್ರಕಟಿಸಿದ ದಿನ ಯಾವುದು ಎಂದು ನೋಡಿ. 2022ರ ಮೇ ತಿಂಗಳಲ್ಲಿ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಲ್ಲು ವಿಧಿಸುವ ಮೊದಲು ಪ್ರೊಬೇಷನ್ ಅಧಿಕಾರಿಯ ವರದಿ, ಜೈಲಿನ ನಡತೆಯ ವರದಿ, ಮಾನಸಿಕ ಸ್ಥಿತಿಯ ವರದಿ ಮೂರನ್ನೂ ವಿಚಾರಣಾ ಕೋರ್ಟೇ ತರಿಸಿಕೊಳ್ಳಬೇಕು ಎಂದಿದೆ. ಇವನ್ನು ಸಿದ್ಧಪಡಿಸಲು ವಾರಗಳೇ ಬೇಕು. ಎರಡೂ ದಿನಾಂಕ ಒಂದೇ ಆಗಿದ್ದರೆ, ಅಥವಾ ನಡುವೆ ಒಂದೆರಡು ದಿನ ಮಾತ್ರ ಇದ್ದರೆ, ಆ ವರದಿಗಳು ಬಂದಿರುವ ಸಾಧ್ಯತೆ ಬಹಳ ಕಡಿಮೆ, ಮೇಲಿನ ಕೋರ್ಟಿನಲ್ಲಿ ಆ ಗಲ್ಲು ನಿಲ್ಲುವುದೂ ಅಷ್ಟೇ ಕಷ್ಟ.